105ರ ಹಿಂದೆ ಅಡಗಿರುವ 85: ಚಂದಾ ಕಂಪನಿಗಳ ಎರಡು ಲೆಕ್ಕ

ಬೆಂಗಳೂರು: ವಾರ್ಷಿಕ ಚಂದಾ ಪಡೆದು ಸಾಫ್ಟ್‌ವೇರ್ ಒದಗಿಸುವ ಕಂಪನಿಗಳು ಹೂಡಿಕೆದಾರರ ಮುಂದೆ ಹೆಚ್ಚಾಗಿ ಎತ್ತಿ ತೋರಿಸುವುದು ನೆಟ್ ರೆವೆನ್ಯೂ ರಿಟೆನ್ಷನ್, ಅಂದರೆ ನಿವ್ವಳ ಆದಾಯ ಉಳಿಕೆಯನ್ನು. ಅದರ ಪಕ್ಕದಲ್ಲೇ ಇರಬೇಕಾದ ಗ್ರಾಸ್ ರೆವೆನ್ಯೂ ರಿಟೆನ್ಷನ್, ಅಂದರೆ ಒಟ್ಟು ಆದಾಯ ಉಳಿಕೆ ಹಲವು ಬಾರಿ ಕಾಣಿಸುವುದೇ ಇಲ್ಲ. ವೇತನದ ಒಂದು ಭಾಗವನ್ನು ಷೇರು ರೂಪದಲ್ಲಿ ಪಡೆಯುವ ಉದ್ಯೋಗಿಗೂ ಈ ವ್ಯತ್ಯಾಸ ಮುಖ್ಯ.

ಒಂದು ಕಂಪನಿಗೆ ವರ್ಷಾರಂಭದಲ್ಲಿದ್ದ ಗ್ರಾಹಕರಿಂದ ವಾರ್ಷಿಕ 10 ಕೋಟಿ ರೂ. ಬರುತ್ತಿತ್ತು ಎಂದುಕೊಳ್ಳೋಣ. ವರ್ಷದೊಳಗೆ ಕೆಲವರು ಚಂದಾ ನಿಲ್ಲಿಸಿದ್ದರಿಂದ 80 ಲಕ್ಷ ರೂ. ಹೋಯಿತು. ಮತ್ತೆ ಕೆಲವರು ಬಳಕೆದಾರರ ಸಂಖ್ಯೆ ಇಳಿಸಿ ಅಥವಾ ಅಗ್ಗದ ಯೋಜನೆಗೆ ಬದಲಾಗಿ 70 ಲಕ್ಷ ರೂ. ಕಡಿತಗೊಳಿಸಿದರು. ಉಳಿದ 8.5 ಕೋಟಿ ರೂ.ಗಳನ್ನು ಆರಂಭದ 10 ಕೋಟಿಗೆ ಹೋಲಿಸಿದರೆ ಒಟ್ಟು ಉಳಿಕೆ ಶೇ 85.

ಇದೇ ವೇಳೆ ಇಬ್ಬರು ದೊಡ್ಡ ಗ್ರಾಹಕರು ಹೆಚ್ಚುವರಿಯಾಗಿ 2 ಕೋಟಿ ರೂ. ಮೌಲ್ಯದ ಸೇವೆ ಕೊಂಡರು. ಅದನ್ನು ಸೇರಿಸಿದಾಗ ನಿವ್ವಳ ಉಳಿಕೆ ಶೇ 105 ಆಗುತ್ತದೆ. ವರ್ಷದಲ್ಲಿ ಹೊಸದಾಗಿ ಸೇರಿದ ಗ್ರಾಹಕರ ಹಣ ಎರಡರಲ್ಲೂ ಸೇರುವುದಿಲ್ಲ.

ಹೀಗೆ, ಕಡಿತವು ಎರಡೂ ಅಂಕಿಗಳನ್ನು ಸಮನಾಗಿ ತಗ್ಗಿಸುತ್ತದೆ. ವಿಸ್ತರಣೆಯು ನಿವ್ವಳವನ್ನು ಮಾತ್ರ ಏರಿಸುತ್ತದೆ. ಒಟ್ಟು ಉಳಿಕೆ ಎಂದಿಗೂ ಶೇ 100 ದಾಟದು. ಮೇಲಿನ ಕಂಪನಿಯಲ್ಲಿ ಆ ಇಬ್ಬರು ಮರುವರ್ಷ ಹೆಚ್ಚುವರಿ ಖರೀದಿ ಮಾಡದೆ, ನಷ್ಟದ ಪ್ರಮಾಣ ಹಾಗೆಯೇ ಮುಂದುವರಿದರೆ, ನಿವ್ವಳವೂ 85ಕ್ಕೆ ಕುಸಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. 20 ಲಕ್ಷ ರೂ. ನೀಡುತ್ತಿದ್ದ ಗ್ರಾಹಕ ಮೊದಲ ವರ್ಷ 40 ಲಕ್ಷಕ್ಕೆ ಏರಿ, ಮರುವರ್ಷ 20 ಲಕ್ಷಕ್ಕೆ ಮರಳಿದನೆನ್ನಿ. ಏರಿಕೆಯ ವರ್ಷ ಅವನ ಒಟ್ಟು ಉಳಿಕೆ ಶೇ 100ರಲ್ಲೇ ನಿಲ್ಲುತ್ತದೆ. ಇಳಿಕೆಯ ವರ್ಷ ಶೇ 50ಕ್ಕೆ ಬೀಳುತ್ತದೆ. ಎರಡನೇ ವರ್ಷದ ಲೆಕ್ಕ 40 ಲಕ್ಷದಿಂದಲೇ ಆರಂಭವಾಗುವುದು ಇದಕ್ಕೆ ಕಾರಣ. ಅತಿಯಾಗಿ ಮಾರಿದ ಚಂದಾ ಈ ರೀತಿ ತಡವಾಗಿ ಬಯಲಾಗುತ್ತದೆ.

ನಿವ್ವಳದ ಇಳಿಕೆಯೆಲ್ಲ ಗ್ರಾಹಕರ ನಿರ್ಗಮನವಲ್ಲ ಎಂಬುದೂ ಗಮನಾರ್ಹ. ಬಳಕೆಗೆ ತಕ್ಕಂತೆ ಶುಲ್ಕ ಪಡೆಯುವ ಅಮೆರಿಕದ ಸ್ನೋಫ್ಲೇಕ್ ಕಂಪನಿಯ ನಿವ್ವಳ ಉಳಿಕೆ 2022ರ ಜನವರಿ ಅಂತ್ಯಕ್ಕೆ ಶೇ 178 ಇದ್ದು, 2024ರ ಜನವರಿ ಅಂತ್ಯಕ್ಕೆ ಶೇ 131ಕ್ಕೆ ಇಳಿಯಿತು. ಆಗಲೂ ಹಳೆಯ ಗ್ರಾಹಕರ ಒಟ್ಟಾರೆ ವೆಚ್ಚ ಹೆಚ್ಚುತ್ತಲೇ ಇತ್ತು. ಹೆಚ್ಚಳದ ವೇಗ ತಗ್ಗಿತ್ತು.

ಆದ್ದರಿಂದ ನಿವ್ವಳದ ಅಂಕಿ ಕಂಡಾಗ ಕೇಳಬೇಕಾದ ಪ್ರಶ್ನೆಗಳು ಎರಡು: ಒಟ್ಟು ಉಳಿಕೆ ಎಷ್ಟು? ವಿಸ್ತರಣೆಯ ಹಣ ಎಷ್ಟು ಗ್ರಾಹಕರಿಂದ ಬಂತು?