ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಎಷ್ಟು? ಬೆಳಕು ಕೊಡುವ ಲೆಕ್ಕ

ಕೆಲವು ಬೋರ್‌ವೆಲ್‌ಗಳ ನೀರು ಪಂಪಿನಿಂದ ಬೀಳುವಾಗ ತಿಳಿಯಾಗಿಯೇ ಇರುತ್ತದೆ. ಬಕೆಟ್ಟಿನಲ್ಲಿ ಹಿಡಿದಿಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಅದೇ ನೀರು ಕದಡಿದಂತಾಗಿ ಕೆಂಪಡರುತ್ತದೆ, ತಳದಲ್ಲಿ ಇಟ್ಟಿಗೆ ಬಣ್ಣದ ಗಸಿ ನಿಲ್ಲುತ್ತದೆ. ಬಿಳಿ ಪಂಚೆ ಹಳದಿಗೆ ತಿರುಗುತ್ತದೆ, ಬಚ್ಚಲಿನ ಟೈಲ್ಸ್ ಮೇಲೆ ಎಷ್ಟು ಉಜ್ಜಿದರೂ ಹೋಗದ ಕಲೆ ಕೂರುತ್ತದೆ, ಚಹಾ ಮಾಡಿದರೆ ಕಪ್ಪಾಗುತ್ತದೆ. ಇದೆಲ್ಲ ಕಬ್ಬಿಣದ ಕೆಲಸ. ನೆಲದಾಳದಲ್ಲಿ ಗಾಳಿಯ ಸಂಪರ್ಕವಿಲ್ಲದ ಕಡೆ ಕಬ್ಬಿಣ ಫೆರಸ್ ರೂಪದಲ್ಲಿ ನೀರಿನಲ್ಲಿ ಕರಗಿರುತ್ತದೆ. ಮೇಲೆ ಬಂದು ಆಮ್ಲಜನಕ ತಾಗಿದ ಕೂಡಲೇ ಫೆರಿಕ್ ರೂಪಕ್ಕೆ ಬದಲಾಗತೊಡಗುತ್ತದೆ. ಆ ರೂಪ ನೀರಿನಲ್ಲಿ ಕರಗದು, ತುಕ್ಕಾಗಿ ಕೆಳಗಿಳಿಯುತ್ತದೆ.

ಕಬ್ಬಿಣ ಇದೆ ಎಂದು ಹೇಳಲು ಬಕೆಟ್ಟೇ ಸಾಕು. ಎಷ್ಟಿದೆ ಎಂಬುದು ಬೇರೆ ಪ್ರಶ್ನೆ. ಲೀಟರಿಗೆ ಸುಮಾರು 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೆ ಕಲೆ ಹಿಡಿಯತೊಡಗುತ್ತದೆ. ಎರಡು ಮಿಲಿಗ್ರಾಂ ಇರುವ ನೀರಿಗೆ ಹಾಕಬೇಕಾದ ಫಿಲ್ಟರ್ ಬೇರೆ, ಎಂಟು ಮಿಲಿಗ್ರಾಂ ಇರುವ ನೀರಿಗೆ ಬೇಕಾದ ವ್ಯವಸ್ಥೆಯೇ ಬೇರೆ. ಆದ್ದರಿಂದ ಅಂದಾಜು ಸಾಲದು, ಅಂಕಿ ಬೇಕು. ಆ ಅಂಕಿಯನ್ನು ಪ್ರಯೋಗಾಲಯಗಳು ಹೆಚ್ಚಾಗಿ ಬೆಳಕಿನಿಂದ ಪಡೆಯುತ್ತವೆ.

ಇಷ್ಟು ಕಡಿಮೆ ಪ್ರಮಾಣದಲ್ಲಿ ಕರಗಿರುವ ಫೆರಸ್ ಕಬ್ಬಿಣಕ್ಕೆ ಕಣ್ಣಿಗೆ ಕಾಣುವ ಬಣ್ಣವಿಲ್ಲ. ಹಾಗಾಗಿ ಮೊದಲು ಅದಕ್ಕೆ ಬಣ್ಣ ಬರಿಸಬೇಕು. ಈ ಕೆಲಸಕ್ಕೆ ಫಿನಾಂಥ್ರೊಲಿನ್ ಎಂಬ ರಾಸಾಯನಿಕವಿದೆ. ಅದರ ಮೂರು ಅಣುಗಳು ಒಂದು ಫೆರಸ್ ಅಯಾನನ್ನು ಸುತ್ತುವರಿದು ಹಿಡಿದಾಗ ದಟ್ಟ ಕಿತ್ತಳೆಗೆಂಪು ಬಣ್ಣ ಹುಟ್ಟುತ್ತದೆ. ಫೆರಿಕ್ ರೂಪದ ಕಬ್ಬಿಣದಿಂದ ಈ ಬಣ್ಣ ಬರುವುದಿಲ್ಲ. ಆದ್ದರಿಂದ ನೀರಿಗೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಹೈಡ್ರಾಕ್ಸಿಲಮೀನ್ ಸೇರಿಸಿ ಕುದಿಸುತ್ತಾರೆ. ಆಮ್ಲ ಗಸಿಯನ್ನು ಕರಗಿಸುತ್ತದೆ, ಹೈಡ್ರಾಕ್ಸಿಲಮೀನ್ ಫೆರಿಕ್ ಕಬ್ಬಿಣವನ್ನು ಮರಳಿ ಫೆರಸ್ ಮಾಡುತ್ತದೆ. ತಣ್ಣಗಾದ ಮೇಲೆ ಹುಳಿಯನ್ನು ಹದದಲ್ಲಿಡಲು ಅಮೋನಿಯಂ ಅಸಿಟೇಟ್ ಬಫರ್, ನಂತರ 4 ಮಿಲಿಲೀಟರ್ ಫಿನಾಂಥ್ರೊಲಿನ್ ದ್ರಾವಣ ಹಾಕಿ, ಭಟ್ಟಿ ಇಳಿಸಿದ ನೀರಿನಿಂದ ಒಟ್ಟು 50 ಮಿಲಿಲೀಟರಿಗೆ ತುಂಬಿಸುತ್ತಾರೆ. ಬಣ್ಣ ಪೂರ್ತಿ ಬರಲು ಹತ್ತು-ಹದಿನೈದು ನಿಮಿಷ ಬೇಕು. ಅವಸರ ಮಾಡಿದರೆ ಅಂಕಿ ಕಡಿಮೆ ಬರುತ್ತದೆ.

ಇನ್ನು ಸ್ಪೆಕ್ಟ್ರೋಫೋಟೋಮೀಟರ್‌ನ ಸರದಿ. ಕಿತ್ತಳೆಗೆಂಪಾಗಿ ಕಾಣುವ ದ್ರಾವಣ ನೀಲಿ-ಹಸಿರು ಬೆಳಕನ್ನು ನುಂಗಿಕೊಳ್ಳುತ್ತದೆ. ಅದಕ್ಕೇ ಉಪಕರಣವನ್ನು 510 ನ್ಯಾನೋಮೀಟರ್‌ಗೆ ಇಡುತ್ತಾರೆ. ಒಂದು ಸೆಂಟಿಮೀಟರ್ ಅಗಲದ ಚೌಕಾಕಾರದ ಗಾಜಿನ ಪಾತ್ರೆಗೆ, ಅಂದರೆ ಕ್ಯುವೆಟ್ಟಿಗೆ, ದ್ರಾವಣ ಸುರಿದು ಬೆಳಕು ಹಾಯಿಸಿದಾಗ ಆಚೆ ಬದಿಗೆ ಎಷ್ಟು ತಲುಪಿತು ಎಂಬುದನ್ನು ಉಪಕರಣ ಅಳೆಯುತ್ತದೆ. ಕ್ಯುವೆಟ್ಟಿನ ನಾಲ್ಕು ಬದಿಗಳಲ್ಲಿ ಸಾಮಾನ್ಯವಾಗಿ ಎರಡು ನಯವಾಗಿಯೂ ಎರಡು ಮಸುಕಾಗಿಯೂ ಇರುತ್ತವೆ. ಹಿಡಿಯುವುದು ಮಸುಕು ಬದಿಯನ್ನು. ನಯವಾದ ಬದಿಯ ಮೇಲಿನ ಬೆರಳಚ್ಚು, ಒಳಗೆ ಅಂಟಿದ ಒಂದು ಗಾಳಿಗುಳ್ಳೆ ಕೂಡ ಬೆಳಕನ್ನು ತಡೆಯುತ್ತದೆ. ಉಪಕರಣಕ್ಕೆ ಅದೂ ಕಬ್ಬಿಣವೇ.

ಈಗ ಮುಖ್ಯ ಮಾತು. ಆಚೆ ತಲುಪಿದ ಬೆಳಕಿನ ಶೇಕಡಾವಾರು ಕಬ್ಬಿಣದ ಪ್ರಮಾಣದೊಂದಿಗೆ ನೇರ ಗೆರೆಯಲ್ಲಿ ಇಳಿಯುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಕಬ್ಬಿಣವಿದ್ದರೆ ಸುಮಾರು ಶೇ 63ರಷ್ಟು ಬೆಳಕು ದಾಟುತ್ತದೆ. 2 ಮಿಲಿಗ್ರಾಂ ಆದರೆ ಶೇ 40, 3ಕ್ಕೆ ಶೇ 25, 4ಕ್ಕೆ ಶೇ 16. ಮೊದಲ ಮಿಲಿಗ್ರಾಂ 37 ಪಾಲು ನುಂಗಿತು, ನಾಲ್ಕನೆಯದು ಒಂಬತ್ತು ಪಾಲು ಮಾತ್ರ. ಆದರೆ ಪ್ರತಿ ಹೆಜ್ಜೆಯಲ್ಲೂ ಉಳಿದ ಬೆಳಕಿನ ಶೇ 63ರಷ್ಟೇ ಮುಂದಕ್ಕೆ ಹೋಗಿದೆ ಎಂಬುದನ್ನು ಗಮನಿಸಬೇಕು. ಹೀಗೆ ಗುಣಿಸುತ್ತ ಇಳಿಯುವ ಸಂಖ್ಯೆಯನ್ನು ನೇರ ಗೆರೆಗೆ ತರುವುದು ಲಾಗರಿದಮ್. ದಾಟಿದ ಬೆಳಕಿನ ಭಾಗದ ಲಾಗರಿದಮ್ ತೆಗೆದು ಅದರ ಋಣ ಚಿಹ್ನೆಯನ್ನು ಬಿಟ್ಟರೆ ಸಿಗುವುದೇ ಅಬ್ಸಾರ್ಬೆನ್ಸ್. ಹತ್ತರಲ್ಲಿ ಒಂದು ಪಾಲು ಬೆಳಕು ದಾಟಿದರೆ ಅಬ್ಸಾರ್ಬೆನ್ಸ್ 1, ನೂರರಲ್ಲಿ ಒಂದು ಪಾಲು ದಾಟಿದರೆ 2. ಬೆಳಕು ಸಾಗುವ ದಾರಿಯ ಉದ್ದಕ್ಕೂ ಬೆಳಕಿನ ಇಳಿಕೆಗೂ ಇರುವ ಸಂಬಂಧವನ್ನು ಫ್ರಾನ್ಸಿನ ಪಿಯರ್ ಬೂಗೇ 1729ರಲ್ಲಿ, ಲ್ಯಾಂಬರ್ಟ್ 1760ರಲ್ಲಿ ತೋರಿಸಿದ್ದರು. ಬಣ್ಣದ ದ್ರಾವಣಗಳ ಮೇಲೆ ಕೆಲಸ ಮಾಡಿ ಕರಗಿದ ವಸ್ತುವಿನ ಪ್ರಮಾಣವನ್ನು ಅದಕ್ಕೆ ಜೋಡಿಸಿದವರು ಜರ್ಮನಿಯ ಆಗಸ್ಟ್ ಬೀರ್, 1852ರಲ್ಲಿ.

ಅಬ್ಸಾರ್ಬೆನ್ಸ್ ಎಷ್ಟಿದ್ದರೆ ಕಬ್ಬಿಣ ಎಷ್ಟು ಎಂಬುದನ್ನು ಪುಸ್ತಕ ನೋಡಿ ಹೇಳಬಹುದಲ್ಲ ಎಂದು ಯಾರಿಗಾದರೂ ಅನಿಸಬಹುದು. ಹೇಳಬಹುದು, ಆದರೆ ನಂಬುವಂತಿಲ್ಲ. ಆ ದಿನದ ದೀಪ, ಆ ಕ್ಯುವೆಟ್, ಆ ಬಾಟಲಿಯ ರಾಸಾಯನಿಕ ಎಲ್ಲವೂ ಸಣ್ಣಪುಟ್ಟ ವ್ಯತ್ಯಾಸ ತರುತ್ತವೆ. ಹಾಗಾಗಿ ಪ್ರಮಾಣ ಗೊತ್ತಿರುವ ದ್ರಾವಣಗಳನ್ನು ಅಲ್ಲೇ ತಯಾರಿಸಿ, ಅದೇ ಉಪಕರಣದಲ್ಲಿ ಓದಿ, ಗೆರೆ ಎಳೆದುಕೊಳ್ಳುತ್ತಾರೆ.

ಒಂದು ಮಾದರಿ ಲೆಕ್ಕವನ್ನು ಪೂರ್ತಿಯಾಗಿ ನೋಡೋಣ. ಪಿಯುಸಿ ಪ್ರಯೋಗಾಲಯದಲ್ಲಿ ಟೈಟ್ರೇಷನ್ ಮಾಡಿದವರಿಗೆಲ್ಲ ಪರಿಚಯವಿರುವ ಮೋರ್ ಸಾಲ್ಟ್ ಅನ್ನು 0.702 ಗ್ರಾಂ ತೂಗಿ, ಆಮ್ಲ ಬೆರೆಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ ಅದರಲ್ಲಿ 100 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅದನ್ನು ಹತ್ತು ಪಟ್ಟು ತೆಳುಗೊಳಿಸಿ, ಪಿಪೆಟ್ಟಿನಲ್ಲಿ 5, 10, 15, 20 ಮಿಲಿಲೀಟರ್ ತೆಗೆದು ನಾಲ್ಕು ಫ್ಲಾಸ್ಕುಗಳಿಗೆ ಹಾಕುತ್ತಾರೆ. ಐದನೆಯದಕ್ಕೆ ಕಬ್ಬಿಣವನ್ನೇ ಹಾಕುವುದಿಲ್ಲ, ಅದು ಬ್ಲ್ಯಾಂಕ್. ಕುದಿಸುವುದು, ಬಫರ್, ಫಿನಾಂಥ್ರೊಲಿನ್ ಎಲ್ಲವೂ ಐದಕ್ಕೂ ಒಂದೇ. ಎಲ್ಲವನ್ನೂ 50 ಮಿಲಿಲೀಟರಿಗೆ ತುಂಬಿಸಿದಾಗ ಲೀಟರಿಗೆ 0, 1, 2, 3, 4 ಮಿಲಿಗ್ರಾಂ ಕಬ್ಬಿಣದ ದ್ರಾವಣಗಳು ಸಿದ್ಧ. ಬಿಳಿ ಕಾಗದದ ಮುಂದೆ ಸಾಲಾಗಿ ಇಟ್ಟರೆ ಬಣ್ಣವಿಲ್ಲದ ನೀರಿನಿಂದ ಗಾಢ ಕಿತ್ತಳೆಯವರೆಗಿನ ಮೆಟ್ಟಿಲು ಬರಿಗಣ್ಣಿಗೇ ಕಾಣುತ್ತದೆ.

ಉಪಕರಣ ಕೊಟ್ಟ ಅಬ್ಸಾರ್ಬೆನ್ಸ್ ಕ್ರಮವಾಗಿ 0.003, 0.201, 0.402, 0.598, 0.798 ಎಂದುಕೊಳ್ಳೋಣ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಕಬ್ಬಿಣ, ಉದ್ದಕ್ಕೆ ಅಬ್ಸಾರ್ಬೆನ್ಸ್ ಇಟ್ಟು ಚುಕ್ಕಿ ಹಾಕಿದರೆ ಐದೂ ಒಂದೇ ಗೆರೆಯ ಅಕ್ಕಪಕ್ಕ ಬೀಳುತ್ತವೆ. ಎಲ್ಲ ಚುಕ್ಕಿಗಳಿಗೂ ಅತಿ ಹತ್ತಿರ ಹಾಯುವ ಗೆರೆಯನ್ನು ಲೆಕ್ಕ ಹಾಕಿದರೆ ಬರುವುದು ಇದು:

A = 0.1987 × C + 0.003

ಇಲ್ಲಿ A ಅಬ್ಸಾರ್ಬೆನ್ಸ್, C ಲೀಟರಿಗೆ ಎಷ್ಟು ಮಿಲಿಗ್ರಾಂ ಕಬ್ಬಿಣ ಎಂಬುದು. ಕೊನೆಯ 0.003 ಬಂದದ್ದು ರಾಸಾಯನಿಕಗಳಲ್ಲೇ ಇದ್ದ ತುಸು ಕಬ್ಬಿಣದಿಂದ. ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯಲ್ಲಿ ಅದು ಇರುವುದು ಸಾಮಾನ್ಯ. ಬ್ಲ್ಯಾಂಕ್ ಇಲ್ಲದಿದ್ದರೆ ಇದೂ ಬೋರ್‌ವೆಲ್ ನೀರಿನ ಲೆಕ್ಕಕ್ಕೆ ಸೇರಿಹೋಗುತ್ತಿತ್ತು.

ಇನ್ನು ಬೋರ್‌ವೆಲ್ ನೀರು. 50 ಮಿಲಿಲೀಟರ್ ನೀರು ತೆಗೆದು, ಕುದಿಸಿ ಇಂಗಿಸಿ, ಬಣ್ಣ ಬರಿಸಿ, ಮತ್ತೆ 50 ಮಿಲಿಲೀಟರಿಗೆ ತುಂಬಿಸಿ ಓದಿದಾಗ ಅಬ್ಸಾರ್ಬೆನ್ಸ್ 1.480 ಬಂತು ಎಂದುಕೊಳ್ಳೋಣ. ಸೂತ್ರಕ್ಕೆ ಹಾಕಿದರೆ ಲೀಟರಿಗೆ 7.4 ಮಿಲಿಗ್ರಾಂ. ಲೆಕ್ಕದಲ್ಲಿ ತಪ್ಪಿಲ್ಲ, ಉತ್ತರ ಮಾತ್ರ ತಪ್ಪು. ಗೆರೆ ಎಳೆದದ್ದು 0.8ರವರೆಗೆ. ಅದರಾಚೆ ಅದು ನೇರವಾಗಿಯೇ ಹೋಗುತ್ತದೆ ಎಂದು ಯಾರೂ ಪರೀಕ್ಷಿಸಿಲ್ಲ.

ಅನುಭವಿ ಕೆಮಿಸ್ಟ್ ಇಲ್ಲಿ ಗೆರೆಯನ್ನು ಉದ್ದ ಮಾಡುವುದಿಲ್ಲ, ನೀರನ್ನು ಕಡಿಮೆ ಮಾಡುತ್ತಾರೆ. 10 ಮಿಲಿಲೀಟರ್ ಮಾತ್ರ ತೆಗೆದು, ಭಟ್ಟಿ ಇಳಿಸಿದ ನೀರು ಸೇರಿಸಿ, ಉಳಿದದ್ದೆಲ್ಲ ಮೊದಲಿನಂತೆಯೇ ಮಾಡಿದಾಗ ಅಬ್ಸಾರ್ಬೆನ್ಸ್ 0.341. ಅದರಿಂದ 0.003 ಕಳೆದು 0.1987ರಿಂದ ಭಾಗಿಸಿದರೆ 1.70. ನೀರು ಐದು ಪಟ್ಟು ತೆಳುವಾಗಿದ್ದರಿಂದ ಐದರಿಂದ ಗುಣಿಸಬೇಕು: ಲೀಟರಿಗೆ 8.5 ಮಿಲಿಗ್ರಾಂ. ಖಾತ್ರಿಗೆ 5 ಮಿಲಿಲೀಟರ್ ತೆಗೆದು ಇನ್ನೊಮ್ಮೆ ನೋಡಿದರೆ 0.172. ಅದೂ 8.5ಕ್ಕೇ ಬಂದು ನಿಲ್ಲುತ್ತದೆ. ತೆಳು ಮಾಡಿದ ಎರಡು ದ್ರಾವಣಗಳು ಒಂದೇ ಉತ್ತರ ಕೊಟ್ಟಾಗ ಅದನ್ನು ನಂಬಬಹುದು.

ಮೊದಲ ಸಲದ 1.1 ಮಿಲಿಗ್ರಾಂ ಎಲ್ಲಿ ಹೋಯಿತು? ಫಿನಾಂಥ್ರೊಲಿನ್ ಮುಗಿದುಹೋಗಿತ್ತು. ಒಂದು ಕಬ್ಬಿಣಕ್ಕೆ ಮೂರು ಅಣು ಬೇಕು ಎಂಬುದನ್ನು ನೆನೆದರೆ ಇದು ಅರ್ಥವಾಗುತ್ತದೆ. ಶೇ 0.1ರ 4 ಮಿಲಿಲೀಟರ್ ದ್ರಾವಣ ಸುಮಾರು 0.38 ಮಿಲಿಗ್ರಾಂ ಕಬ್ಬಿಣಕ್ಕಷ್ಟೇ ಸಾಲುತ್ತದೆ. 50 ಮಿಲಿಲೀಟರ್ ನೀರಿನಲ್ಲಿ ಇದ್ದದ್ದು 0.425. ಮಿಕ್ಕ ಕಬ್ಬಿಣ ಬಣ್ಣವಿಲ್ಲದೆ ಹಾಗೇ ಉಳಿಯಿತು. ಜೊತೆಗೆ ಅಬ್ಸಾರ್ಬೆನ್ಸ್ 1.48 ಎಂದರೆ ಆಚೆ ತಲುಪುವುದು ಶೇ 3.3ರಷ್ಟು ಬೆಳಕು ಮಾತ್ರ. ಉಪಕರಣದೊಳಗೆ ದಾರಿ ತಪ್ಪಿ ನುಸುಳುವ ಅಲ್ಪ ಬೆಳಕೂ ಅಷ್ಟು ಕತ್ತಲಲ್ಲಿ ದೊಡ್ಡದಾಗಿ ಕಂಡು ಅಂಕಿಯನ್ನು ಇನ್ನಷ್ಟು ಇಳಿಸಬಲ್ಲದು. ಎರಡೂ ತಪ್ಪುಗಳು ಒಂದೇ ದಿಕ್ಕಿಗೆ ಎಳೆಯುತ್ತವೆ: ಕಬ್ಬಿಣ ಹೆಚ್ಚಿರುವ ನೀರನ್ನೇ ಕಡಿಮೆ ಎಂದು ತೋರಿಸುತ್ತವೆ.

ಗೆರೆ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಗೊತ್ತಾಗದ ಸಂಗತಿಯೊಂದಿದೆ. ಗೆರೆ ಎಳೆದದ್ದು ಶುದ್ಧ ನೀರಿನಲ್ಲಿ, ಓದುತ್ತಿರುವುದು ಮಣ್ಣು-ಲವಣಗಳ ನೀರನ್ನು. ಕದಡಿದ ನೀರು ತಾನಾಗಿಯೇ ಬೆಳಕನ್ನು ತಡೆಯುತ್ತದೆ. ಅದನ್ನು ಹಿಡಿಯಲು ಅದೇ ನೀರಿಗೆ ಫಿನಾಂಥ್ರೊಲಿನ್ ಒಂದನ್ನು ಬಿಟ್ಟು ಉಳಿದೆಲ್ಲ ಹಾಕಿ ಓದಿ, ಬಂದ ಅಬ್ಸಾರ್ಬೆನ್ಸನ್ನು ಕಳೆಯುತ್ತಾರೆ. ನೀರಿನಲ್ಲಿರುವ ಬೇರೆ ಲೋಹಗಳು ಬಣ್ಣಕ್ಕೆ ಅಡ್ಡಿ ಮಾಡುತ್ತಿವೆಯೇ ಎಂದು ತಿಳಿಯಲು, 10 ಮಿಲಿಲೀಟರ್ ಬೋರ್‌ವೆಲ್ ನೀರಿದ್ದ ಫ್ಲಾಸ್ಕಿನಂಥದ್ದೇ ಇನ್ನೊಂದಕ್ಕೆ ಕಬ್ಬಿಣದ ಪರಿಚಿತ ದ್ರಾವಣವನ್ನು 5 ಮಿಲಿಲೀಟರ್ ಸೇರಿಸುತ್ತಾರೆ. ಆಗ ಅಬ್ಸಾರ್ಬೆನ್ಸ್ 0.341ರಿಂದ 0.540ರ ಆಸುಪಾಸಿಗೆ ಏರಬೇಕು. 0.48ಕ್ಕೇ ನಿಂತರೆ ಏನೋ ಅಡ್ಡಿಯಿದೆ, 8.5 ಎಂಬ ಅಂಕಿಯನ್ನು ವರದಿಯಲ್ಲಿ ಬರೆಯುವಂತಿಲ್ಲ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಉತ್ತರ ಕೆಡುವುದು ಹೆಚ್ಚಾಗಿ ಬಾಟಲಿಯಲ್ಲಿ. ಬೆಳಿಗ್ಗೆ ಹಿಡಿದ ನೀರು ಮಧ್ಯಾಹ್ನ ಪ್ರಯೋಗಾಲಯ ತಲುಪುವಷ್ಟರಲ್ಲಿ ಕಬ್ಬಿಣ ತುಕ್ಕಾಗಿ ಗೋಡೆಗೆ ಅಂಟಿ, ತಳಕ್ಕೆ ಇಳಿದಿರುತ್ತದೆ. ಮೇಲಿನ ತಿಳಿನೀರನ್ನು ಪಿಪೆಟ್ಟಿನಲ್ಲಿ ಎಳೆದರೆ ನೀರು ನಿರ್ದೋಷಿಯಂತೆ ಕಾಣುತ್ತದೆ. ಆದ್ದರಿಂದ ನಿಮ್ಮ ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಡುವುದಿದ್ದರೆ ಆಮ್ಲ ಹಾಕಿದ ಬಾಟಲಿಯನ್ನು ಪ್ರಯೋಗಾಲಯದಿಂದಲೇ ಕೇಳಿ ಪಡೆಯಿರಿ. ಪೈಪಿನಲ್ಲಿ ನಿಂತ ನೀರು ಹೋಗುವಷ್ಟು ಹೊತ್ತು ಪಂಪ್ ಓಡಿಸಿ, ಟ್ಯಾಂಕಿನಿಂದಲ್ಲದೆ ಬೋರ್‌ವೆಲ್‌ನ ಬಾಯಿಯಿಂದಲೇ ಹಿಡಿಯಿರಿ. ಬಾಟಲಿಯಲ್ಲಿ ಆಮ್ಲವಿರುವುದರಿಂದ ಅದನ್ನು ತೊಳೆಯಬೇಡಿ, ತುಂಬಿ ಚೆಲ್ಲಲು ಬಿಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ವರದಿ ಬಂದಾಗ, ನೀರನ್ನು ತೆಳು ಮಾಡಿ ಓದಿದರೇ, ಓದಿದ ಅಂಕಿ ಗೆರೆಯ ಒಳಗಿತ್ತೇ ಎಂದು ಒಂದು ಮಾತು ಕೇಳಿ.