ಬಾಸ್‌ಗೆ ಅಂಕ ಕೊಡುವವರ ಹೆಸರು

ಒಂಬತ್ತು ಜನರ ತಂಡದಲ್ಲಿ ಮ್ಯಾನೇಜರ್ ಬಗ್ಗೆ ಕೈಕೆಳಗಿನವರ ಅಭಿಪ್ರಾಯ ಕೇಳಿದರು ಎಂದುಕೊಳ್ಳಿ. ಉತ್ತರ ಕೊಟ್ಟವರು ಇಬ್ಬರೇ. 'ಮೀಟಿಂಗ್‌ನಲ್ಲಿ ನಮ್ಮ ಮಾತು ಕೇಳುತ್ತಾರೆಯೇ?' ಎಂಬ ಪ್ರಶ್ನೆಗೆ ಐದಕ್ಕೆ ಸರಾಸರಿ ಮೂರು ಬಂದಿದೆ. ಇಬ್ಬರಲ್ಲಿ ಒಬ್ಬ ಸದಾ ಹೊಗಳುವವನೆಂದು ಮ್ಯಾನೇಜರ್‌ಗೆ ಗೊತ್ತು. ಅವನು ಐದು ಕೊಟ್ಟಿದ್ದರೆ ಇನ್ನೊಬ್ಬಳು ಕೊಟ್ಟದ್ದು ಒಂದು. ಹೆಸರು ಬರೆಯದಿದ್ದರೂ ಹೆಸರು ಸಿಕ್ಕಿಬಿಟ್ಟಿತು.

ಸಹೋದ್ಯೋಗಿಗಳು, ಕಿರಿಯರು, ಹಿರಿಯರು ಸೇರಿ ಒಬ್ಬರ ಕೆಲಸದ ರೀತಿಯ ಬಗ್ಗೆ ಹೇಳುವ ಈ ಪದ್ಧತಿಯನ್ನು ಕಚೇರಿಗಳಲ್ಲಿ 'ತ್ರೀ ಸಿಕ್ಸ್‌ಟಿ' ಎನ್ನುತ್ತಾರೆ. ಭಯ ಹುಟ್ಟುವುದು ಮೇಲಿನಂಥ ಸಣ್ಣ ಲೆಕ್ಕದಲ್ಲೇ. ಅದಕ್ಕೇ ಒಂದು ಗುಂಪಿನಿಂದ ಕನಿಷ್ಠ ಮೂವರು ಉತ್ತರಿಸದಿದ್ದರೆ ಆ ಗುಂಪಿನ ಅಂಕವನ್ನು ಬೇರೆಯಾಗಿ ತೋರಿಸುವುದಿಲ್ಲ, ಇನ್ನೊಂದು ಗುಂಪಿನ ಜೊತೆ ಸೇರಿಸುತ್ತಾರೆ. ಅಂಕಕ್ಕಿಂತ ಅಪಾಯ ಬರಹದ್ದು. 'ಆಡಿಟ್ ದಿನ ರಾತ್ರಿ ಹತ್ತಕ್ಕೆ ಫೋನ್ ಮಾಡಿದರು' ಎಂದರೆ ಬರೆದವರು ಯಾರೆಂದು ಹೇಳಿದಂತೆಯೇ ಆಯಿತು. ತಂಡದ ಹೊರಗಿನವರೊಬ್ಬರು ಅದನ್ನು 'ಕೆಲಸದ ಸಮಯದ ಆಚೆಗೂ ಫೋನ್ ಬರುತ್ತದೆ' ಎಂದು ತಿದ್ದಿ ಕೊಡಬೇಕು.

ಹೆಸರು ಗೊತ್ತಾಗುತ್ತದೆ ಎಂದಾಗ ಜನ ಸುಳ್ಳು ಹೇಳುತ್ತಾರೆ ಎಂದಲ್ಲ, ಉದಾರಿಗಳಾಗುತ್ತಾರೆ. ಕಿರಿಯರು ಹೆಸರು ಹಾಕಿ ಕೊಟ್ಟ ಅಂಕ, ಹೆಸರಿಲ್ಲದೆ ಕೊಟ್ಟದ್ದಕ್ಕಿಂತ ಹೆಚ್ಚಿರುತ್ತದೆ ಎಂದು ಅಮೆರಿಕದ ಡೇವಿಡ್ ಆಂಟೊನಿಯೋನಿ 1994ರಲ್ಲೇ ತೋರಿಸಿದ್ದರು.

ಭಯದ ಇನ್ನೊಂದು ಮೂಲ ಬಡ್ತಿ. ಕೇಂದ್ರ ಸರ್ಕಾರ ಹಿರಿಯ ಹುದ್ದೆಗಳಿಗೆ ಅಧಿಕಾರಿಗಳನ್ನು ಆರಿಸಲು ಬಹುಮೂಲ ಅಭಿಪ್ರಾಯ ಪಡೆಯಲು ಶುರುಮಾಡಿದಾಗ, ಅದು ಪಾರದರ್ಶಕವಲ್ಲ, ವ್ಯಕ್ತಿನಿಷ್ಠ ಎಂದು ಸಂಸತ್ತಿನ ಸ್ಥಾಯಿ ಸಮಿತಿಯೇ 2017ರಲ್ಲಿ ಆಕ್ಷೇಪಿಸಿತು. ಆಕ್ಷೇಪ ಸರಿಯೇ. ತನ್ನ ಬಗ್ಗೆ ಏನು ಹೇಳಿದರೆಂದು ತಿಳಿಯದೆ ಅವಕಾಶ ತಪ್ಪಿದರೆ ತಿದ್ದಿಕೊಳ್ಳುವುದಾದರೂ ಏನನ್ನು?

ಎಚ್‌ಸಿಎಲ್‌ನ ಮುಖ್ಯಸ್ಥರಾಗಿದ್ದ ವಿನೀತ್ ನಾಯರ್ ಬೇರೆ ದಾರಿ ಹಿಡಿದರು. ನೌಕರರು ತಮಗೆ ಕೊಟ್ಟ ಅಂಕಗಳನ್ನು ಕಂಪನಿಯ ಒಳಜಾಲದಲ್ಲಿ ಎಲ್ಲರೂ ಓದುವಂತೆ ಮೊದಲು ತಾವೇ ಹಾಕಿದರು. ಅಂಕ ಕೊಟ್ಟವರ ಹೆಸರು ಮುಚ್ಚಿಟ್ಟು, ಪಡೆದವರ ಫಲಿತಾಂಶ ತೆರೆದಿಡುವ ರೀತಿ ಇದು. ಎಲ್ಲ ಕಚೇರಿಗೂ ಇಷ್ಟು ಬಯಲು ಹೊಂದದು, ಆದರೆ ಮೊದಲ ಸರದಿ ಮೇಲಿನವರದಾಗುವುದು ಎಲ್ಲಿಯೂ ಸಾಧ್ಯ. ಮೊದಲ ವರ್ಷ ವರದಿ ಸಂಬಂಧಪಟ್ಟವರಿಗೆ ಮಾತ್ರ ಹೋಗುತ್ತದೆ, ಇನ್‌ಕ್ರಿಮೆಂಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬರವಣಿಗೆಯಲ್ಲಿ ಕೊಡುವುದೂ ಅಷ್ಟೇ ಸುಲಭ.

ವರದಿ ಡ್ರಾಯರ್ ಸೇರಿದರೆ ಇಷ್ಟೆಲ್ಲ ವ್ಯರ್ಥ. ವಾಕರ್ ಮತ್ತು ಸ್ಮಿದರ್ ಐದು ವರ್ಷ ಮ್ಯಾನೇಜರ್‌ಗಳನ್ನು ಗಮನಿಸಿ 1999ರಲ್ಲಿ ಬರೆದದ್ದು ಇದನ್ನೇ: ಬಂದ ಅಭಿಪ್ರಾಯವನ್ನು ಕಿರಿಯರ ಜೊತೆ ಕೂತು ಚರ್ಚಿಸಿದವರು, ಚರ್ಚಿಸದವರಿಗಿಂತ ಹೆಚ್ಚು ಸುಧಾರಿಸಿದರು. ನಮ್ಮ ಮ್ಯಾನೇಜರ್ ಆ ಮೀಟಿಂಗಿನಲ್ಲಿ 'ಇದನ್ನು ಬರೆದವರು ಯಾರು?' ಎಂದು ಕೇಳಬಾರದು. 'ಮಾತು ಮಧ್ಯೆ ತಡೆಯುತ್ತೇನೆ ಎಂದಿದ್ದೀರಿ, ಮುಂದಿನ ತಿಂಗಳು ಅದೊಂದನ್ನು ನೋಡಿ' ಎಂದರೆ ಸಾಕು.