ಅವ್ವನ ಬೋಗುಣಿಯ ಹಿಡಿಕೆ ಯಾಕೆ ಪದೇ ಪದೇ ಸಡಿಲಾಗ್ತದೆ?

ಸಿಂಧನೂರಿನ ನಮ್ಮ ಮನೇಲಿ ಚಹಾ ಕಾಸೋ ಬೋಗುಣಿಯ ಹಿಡಿಕೆ ವಾರಕ್ಕೊಮ್ಮೆ ಸಡಿಲಾಗ್ತದೆ. ಅವ್ವ ಚಾಕುವಿನ ತುದಿಯಿಂದ ಸ್ಕ್ರೂ ತಿರುವಿ ಬಿಗಿ ಮಾಡ್ತಾಳೆ. ಈ ಸಲ ರಜೆಗೆ ಹೋದಾಗ, "ಇಂಜಿನಿಯರಿಂಗ್ ಓದ್ತಿ, ಇದೊಂದು ಹಿಡಿಕೆ ಬಿಗಿ ಮಾಡಾಕ ಬರಂಗಿಲ್ಲೇನು?" ಅಂದ್ಲು. ಮರ್ಯಾದೆ ಪ್ರಶ್ನೆ!

ಲೆಕ್ಕ ಹಾಕಿದೆ. ಹಾಲು ತುಂಬಿದ ಬೋಗುಣಿ 3 ಕೆ.ಜಿ. ಅದರ ನಡುವಿನಿಂದ ಹಿಡಿಕೆಯ ಜೋಡಣೆಗೆ 12 ಸೆಂ.ಮೀ. ದೂರ. ಎತ್ತಿದಾಗ ಹಿಡಿಕೆ ತನ್ನ ಕೆಳ ಅಂಚಿನ ಮೇಲೆ ಒರಗ್ತದೆ, ಸ್ಕ್ರೂ ಆ ಅಂಚಿನಿಂದ ಬರೀ 1 ಸೆಂ.ಮೀ. ಮೇಲಿದೆ. ಅಂದ್ರೆ ಸ್ಕ್ರೂ ಮೇಲೆ 36 ಕೆ.ಜಿ.ಯಷ್ಟು ಎಳೆತ. ಇದರಿಂದ ಸ್ಕ್ರೂ ಮುರಿಯಲ್ಲ. ಆದರೆ ಅದನ್ನ ಬಿಗಿ ಮಾಡಿದ ಒತ್ತಡ ಇದಕ್ಕಿಂತ ಕಡಿಮೆ ಆದ ಕ್ಷಣ ಸಂದು ಬಿಡ್ತದೆ, ಹಿಡಿಕೆ ಅಲ್ಲಾಡ್ತದೆ, ಅಲ್ಲಾಡಿದಷ್ಟೂ ಸ್ಕ್ರೂ ಹಿಂದಕ್ಕೆ ತಿರುಗ್ತದೆ.

ಒತ್ತಡ ಕಡಿಮೆ ಆಗೋದು ಬೇಕಲೈಟ್‌ನಿಂದ. ಒತ್ತಿ ಹಿಡಿದು ದಿನಾ ಬಿಸಿ ಮಾಡಿದ್ರೆ ಅದು ನಿಧಾನಕ್ಕೆ ಕುಗ್ಗುತ್ತೆ. ಸಣ್ಣ ಬೋಗುಣಿಯನ್ನ ದೊಡ್ಡ ಬರ್ನರ್ ಮೇಲಿಟ್ಟು ಉರಿ ಹಿಡಿಕೆಗೆ ತಾಗಿದ್ರಂತೂ ಬೇಗ. ನಮ್ಮನೇಲಿ ಆಗಿದ್ದೂ ಅದೇ.

ಬಿಗಿ ಮಾಡೋದು ಪಾತ್ರೆ ಖಾಲಿ ಇದ್ದು, ಪೂರ್ತಿ ತಣ್ಣಗಾದ ಮೇಲೆ. ಸ್ಕ್ರೂ ಬಿಚ್ಚಿ ಮಸಿ, ಜಿಡ್ಡು ಒರೆಸಿ, ತಲೆಯ ಕೆಳಗೆ ಒಂದು ಸ್ಪ್ರಿಂಗ್ ವಾಷರ್ ಹಾಕಿದೆ. ಬೇಕಲೈಟ್ ಕುಗ್ಗಿದ್ರೂ ಸ್ವಲ್ಪ ಮಟ್ಟಿಗೆ ಅದು ಒತ್ತಿ ಹಿಡಿಯುತ್ತೆ. ಸ್ಕ್ರೂ ತಲೆಗೆ ಸರಿಯಾಗಿ ಕೂಡೋ ಸ್ಕ್ರೂಡ್ರೈವರ್ ಬೇಕು, ಚಾಕು ಜಾರಿದ್ರೆ ಕೈಗೇ ಬರ್ತದೆ. ಹಿಡಿಕೆ ಅಲ್ಲಾಡೋದು ನಿಂತ ಮೇಲೆ ಇನ್ನೊಂಚೂರು ತಿರುವಿ ಬಿಟ್ಟೆ. ಜೋರು ಮಾಡಿದ್ರೆ ಬೇಕಲೈಟ್ ಸೀಳ್ತದೆ. ಕೊನೆಗೆ ಅಕ್ಕನ ನೇಲ್ ಪಾಲಿಶ್‌ನಿಂದ ಸ್ಕ್ರೂ ತಲೆಯಿಂದ ಹಿಡಿಕೆವರೆಗೆ ಒಂದು ಗೆರೆ ಎಳೆದೆ (ಅವಳಿಗೆ ಹೇಳಿಲ್ಲ). ಮತ್ತೆ ಸಡಿಲಾದಾಗ ಗೆರೆ ಮುರಿದಿದ್ರೆ ಸ್ಕ್ರೂ ತಿರುಗಿದೆ. ಗೆರೆ ಹಾಗೇ ಇದ್ರೆ ಬೇಕಲೈಟ್ ಕುಗ್ಗಿದೆ ಇಲ್ಲಾ ಸೀಳಿದೆ. ಸ್ಕ್ರೂ ಬಿಗಿಯಾಗದೆ ಸುಮ್ನೆ ಸುತ್ತುತ್ತಿದ್ರೆ ಮರೆ ಸವೆದಿದೆ, ಆ ಪಾತ್ರೇಲಿ ಬಿಸಿ ಏನೂ ಎತ್ತಬೇಡಿ.

ಲಿಂಗಸುಗೂರಿನ ಚಿಕ್ಕಮ್ಮನ ಕಡಾಯಿಗೆ ರಿವೆಟ್ ಹಿಡಿಕೆ. ರಿವೆಟ್‌ಗೆ ಮರೆ ಇಲ್ಲ, ಅದಕ್ಕೆ ಹಿಂದಕ್ಕೆ ತಿರುಗೋ ಮಾತೇ ಇಲ್ಲ. ತೂತು ತುಂಬೋ ಹಾಗೆ ಬಡಿದು ಕೂಡಿಸಿರ್ತಾರೆ. ಆದರೆ ಒಮ್ಮೆ ಅಲ್ಲಾಡಿದ್ರೆ ಮನೇಲಿ ಸ್ಕ್ರೂಡ್ರೈವರ್‌ನಿಂದ ಏನೂ ಆಗಲ್ಲ. ಮಸ್ಕಿ ಸಂತೇಲಿ ಪಾತ್ರೆ ರಿಪೇರಿ ಮಾಡೋರೊಬ್ರು ಒಳಗಿನ ತಲೆಯನ್ನ ಕಬ್ಬಿಣದ ಮೇಲೆ ಒರಗಿಸಿ ಹೊರಗಿನ ತಲೆಗೆ ನಾಲ್ಕು ಏಟು ಹಾಕಿಕೊಟ್ರು. ಆಧಾರ ಇಲ್ಲದೆ ಹೊಡೆದ್ರೆ ಪಾತ್ರೆ ತಗ್ಗು ಬೀಳ್ತದೆ. ಆಮೇಲೆ ನೀರು ತುಂಬಿಸಿ ನೋಡಿದ್ರು. ರಿವೆಟ್ ಸುತ್ತ ಹನಿ ಕಂಡ್ರೆ ತೂತು ಅಗಲ ಆಗಿದೆ ಅಂತ, ಆಗ ದಪ್ಪ ರಿವೆಟ್ ಹಾಕಬೇಕು.

ಕುಕ್ಕರ್‌ಗೆ ಮಾತ್ರ ಈ ಸುತ್ತಿಗೆ ಕೆಲಸ ಬೇಡ. ಅದರ ಮೈಗೆ ಹೊಸ ತೂತೂ ಕೊರೆಯಬಾರದು, ಒಳಗಿನ ಹಬೆ ಅಲ್ಲೇ ದಾರಿ ಹುಡುಕ್ತದೆ.